ನಿಮಗಿದು ಗೊತ್ತೇ? ಗುಲಾಮನ ರಾಜ್ಯಭಾರ

ರಮ್ಮಿ ಆಡುವಾಗ ನೀವು ಕಾತರದಿಂದ ಕಾಯುವ ಜೋಕರ್ ಹುಟ್ಟಿದ್ದು ರಮ್ಮಿಗಾಗಿ ಅಲ್ಲ. 1860ರ ದಶಕದಲ್ಲಿ ಅಮೆರಿಕದಲ್ಲಿ ‘ಯೂಕರ್’ ಎಂಬ ಆಟಕ್ಕೆ ಒಂದು ಹೆಚ್ಚುವರಿ ಎಲೆ ಬೇಕಾಯಿತು. ಇಬ್ಬರು ಗುಲಾಮರ ಮೇಲೆ ಇನ್ನೊಬ್ಬ ದೊಡ್ಡವನಿರಲಿ ಎಂದು ಸೇರಿಸಿದ ಆ ಎಲೆಯೇ ಜೋಕರ್. ತಮಾಷೆಯೆಂದರೆ, ಇವತ್ತು ಅಮೆರಿಕದ ಬಹುಪಾಲು ಯೂಕರ್ ಮನೆಗಳಲ್ಲಿ ಅದನ್ನು ಕಟ್ಟಿನಿಂದ ತೆಗೆದಿಟ್ಟೇ ಆಡುತ್ತಾರೆ.

ಮೂಡಿಗೆರೆ, ಕಳಸದ ಕಡೆ ಮಳೆಗಾಲದಲ್ಲಿ ಕರೆಂಟು ಹೋದ ಸಂಜೆ ಇಪ್ಪತ್ತೆಂಟು ಆಡಿದವರಿಗೆ ಯೂಕರ್ ಅರ್ಧ ಬಂದಂತೆಯೇ. ಇಪ್ಪತ್ತೆಂಟಕ್ಕೆ ಏಳರಿಂದ ಎಕ್ಕದವರೆಗಿನ 32 ಎಲೆ ಬೇಕಲ್ಲ, ಅದರಿಂದ ಏಳು ಮತ್ತು ಎಂಟುಗಳನ್ನು ತೆಗೆದುಹಾಕಿ. ಉಳಿದ 24 ಎಲೆಗಳೇ ಯೂಕರ್ ಕಟ್ಟು. ಇಲ್ಲೂ ನಾಲ್ವರು, ಎದುರು ಕೂತವರೇ ಜೊತೆಗಾರರು, ಇಲ್ಲೂ ಗುಲಾಮನದೇ ದರ್ಬಾರು.

ಒಂದು ವ್ಯತ್ಯಾಸವಿದೆ. ಇಪ್ಪತ್ತೆಂಟರಲ್ಲಿ ನಾಲ್ಕೂ ಗುಲಾಮರು ತಮ್ಮತಮ್ಮ ಬಣ್ಣಕ್ಕೆ ದೊಡ್ಡವರು, ತಲೆಗೆ ಮೂರು ಪಾಯಿಂಟು. ಯೂಕರ್‌ನಲ್ಲಿ ಎಲೆಗಳಿಗೆ ಪಾಯಿಂಟೇ ಇಲ್ಲ, ಎಷ್ಟು ಸುತ್ತು ಗೆದ್ದಿರಿ ಎಂಬುದಷ್ಟೇ ಲೆಕ್ಕ. ದೊಡ್ಡಸ್ತಿಕೆ ಇರುವುದೂ ಇಬ್ಬರೇ ಗುಲಾಮರಿಗೆ. ತುರುಫಿನ ಗುಲಾಮ ‘ಬಲ ಬೋವರ್’, ಎಲ್ಲಕ್ಕಿಂತ ಮೇಲು. ಅದೇ ಕೆಂಪು ಅಥವಾ ಅದೇ ಕಪ್ಪಿನ ಇನ್ನೊಂದು ಜಾತಿಯ ಗುಲಾಮ ‘ಎಡ ಬೋವರ್’, ಎರಡನೆಯವನು. ಅವರಾದ ಮೇಲೆ ಎಕ್ಕ, ರಾಜ, ರಾಣಿ, ಹತ್ತು, ಒಂಬತ್ತು. ಉಳಿದ ಬಣ್ಣದ ಇಬ್ಬರು ಗುಲಾಮರು ರಾಣಿಗಿಂತ ಕೆಳಗೆ, ಬಡಪಾಯಿಗಳಾಗಿ ಕೂತಿರುತ್ತಾರೆ.

ಆಟೀನು ತುರುಫಾದ ಕ್ಷಣ ಡೈಮಂಡ್ ಗುಲಾಮ ಪಕ್ಷಾಂತರ ಮಾಡುತ್ತಾನೆ! ಆ ಆಟ ಮುಗಿಯುವವರೆಗೂ ಅವನು ಆಟೀನೇ, ಡೈಮಂಡ್ ಅಲ್ಲ. ಹಾಗಾಗಿ ತುರುಫಿಗೆ ಏಳು ಎಲೆ, ಡೈಮಂಡಿಗೆ ಐದೇ, ಕಪ್ಪು ಎರಡಕ್ಕೂ ಆರಾರು.

ಹೊಸಬರು ಸಿಕ್ಕಿಬೀಳುವುದು ಇಲ್ಲೇ. ಮಿಷಿಗನ್‌ನಲ್ಲಿ ಓದುವ ಹುಡುಗ ರಜೆಗೆ ಬಂದು ತೋಟದ ಮನೆಯ ಜಗಲಿಯಲ್ಲಿ ಈ ಆಟ ಕಲಿಸುತ್ತಿದ್ದಾನೆ ಎಂದುಕೊಳ್ಳಿ. ತುರುಫು ಆಟೀನು. ಯಾರೋ ಡೈಮಂಡ್ ರಾಜ ಇಳಿಸಿದರು. ದೊಡ್ಡಪ್ಪನ ಕೈಯಲ್ಲಿ ಡೈಮಂಡ್ ಅಂತ ಕಾಣುವುದು ಗುಲಾಮ ಒಂದೇ. ‘ಡೈಮಂಡಿಗೆ ಡೈಮಂಡು ಹಾಕ್ಬೇಕಲ್ಲ ಮಾರಾಯ’ ಎಂದು ಅದನ್ನೇ ಕೊಟ್ಟುಬಿಡುತ್ತಾರೆ. ‘ಬೇಡಿತ್ತು ದೊಡ್ಡಪ್ಪ, ಅದೀಗ ತುರುಫು. ಡೈಮಂಡಿಲ್ಲ ಅಂತ ಬೇರೆ ಯಾವುದಾದ್ರೂ ಹಾಕ್ಬಹುದಿತ್ತು’ ಎನ್ನುತ್ತಾನೆ ಹುಡುಗ. ಗುಲಾಮನನ್ನು ಕೊಟ್ಟಿದ್ದರಿಂದ ಆ ಸುತ್ತು ಸಿಗಬಹುದು, ಬೋವರ್ ಮಾತ್ರ ಖರ್ಚು. ಉಲ್ಟಾ ತಪ್ಪು ಇನ್ನೂ ದುಬಾರಿ. ಆಟೀನು ಇಳಿದಾಗ ‘ನನ್ನ ಹತ್ರ ಆಟೀನಿಲ್ಲ’ ಎಂದು ಡೈಮಂಡ್ ಗುಲಾಮನನ್ನು ಬಚ್ಚಿಟ್ಟರೆ ಅದು ಕಳ್ಳಾಟ, ಸಾಮಾನ್ಯವಾಗಿ ಎದುರಾಳಿಗೆ ಎರಡು ಪಾಯಿಂಟು ದಂಡ.

ಯೂಕರ್‌ನಲ್ಲಿ ‘ಹದಿನಾಲ್ಕು, ಹದಿನೈದು’ ಎಂದು ಕೂಗುವ ಪದ್ಧತಿ ಇಲ್ಲ. ಇಪ್ಪತ್ತೆಂಟರಂತೆ ತುರುಫನ್ನು ಮಗುಚಿ ಅಡಗಿಸಿಡುವುದೂ ಇಲ್ಲ. ತಲಾ ಐದು ಎಲೆ ಹಂಚಿ, ಉಳಿದ ನಾಲ್ಕರಲ್ಲಿ ಮೇಲಿನದನ್ನು ತೆರೆದಿಡುತ್ತಾರೆ. ‘ಇದೇ ತುರುಫಾಗಲಿ’ ಎಂದು ಯಾರಾದರೂ ಒಪ್ಪಿದರೆ, ಹಂಚಿದವನು ಆ ಎಲೆಯನ್ನು ಕೈಗೆ ತೆಗೆದುಕೊಂಡು ಬೇಡದ ಒಂದನ್ನು ಬಿಡುತ್ತಾನೆ. ನಾಲ್ವರೂ ‘ಪಾಸ್’ ಎಂದರೆ ಅದನ್ನು ಮಗುಚಿ, ಎರಡನೆಯ ಸರದಿಯಲ್ಲಿ ಬೇರೆ ಯಾವುದಾದರೂ ಬಣ್ಣ ಹೇಳಬಹುದು. ಆಗಲೂ ಎಲ್ಲರೂ ಪಾಸ್ ಎಂದರೆ ಎಲೆ ಕಲಸಿ ಮತ್ತೆ ಹಂಚುವುದು. ಕೆಲವು ಮನೆಗಳಲ್ಲಿ ಆ ಸೌಲಭ್ಯವಿಲ್ಲ, ಹಂಚಿದವನೇ ಒಂದನ್ನು ಹೇಳಿ ಒದ್ದಾಡಬೇಕು.

ತುರುಫು ಹೇಳಿದ ಜೋಡಿ ಐದರಲ್ಲಿ ಮೂರೋ ನಾಲ್ಕೋ ಸುತ್ತು ಗೆದ್ದರೆ ಒಂದು ಪಾಯಿಂಟು, ಐದೂ ಗೆದ್ದರೆ ಎರಡು. ಮೂರು ಮುಟ್ಟದಿದ್ದರೆ ಎದುರಾಳಿಗೆ ಎರಡು. ಮೊದಲು ಹತ್ತು ಮುಟ್ಟಿದವರದು ಆಟ.

ತೆರೆದ ಎಲೆ ಯಾರ ಕೈಗೆ ಹೋಗುತ್ತದೆ ಎಂದು ನೋಡದೆ ತುರುಫು ಒಪ್ಪಬಾರದು. ಹಂಚಿದವನು ನಿಮ್ಮ ಜೊತೆಗಾರನಾದರೆ ಆ ಎಲೆ ನಿಮ್ಮದೇ ಮನೆಗೆ ಬರುತ್ತದೆ, ಸಾಧಾರಣ ಕೈಯಿದ್ದರೂ ಧೈರ್ಯ ಮಾಡಬಹುದು. ಎದುರಾಳಿಯಾದರೆ ನೀವೇ ಅವನ ಕೈಗೆ ಒಂದು ತುರುಫು ಕೊಟ್ಟಂತೆ. ತೆರೆದದ್ದೇ ಗುಲಾಮನಾಗಿದ್ದರಂತೂ ಬಲ ಬೋವರನ್ನೇ ಕೊಟ್ಟಂತೆ.

‘ಪಾಸ್’ ಎಂಬ ಮಾತಿನಲ್ಲೂ ಸುದ್ದಿ ಇರುತ್ತದೆ. ಡೈಮಂಡ್ ಒಂಬತ್ತು ತೆರೆದಿತ್ತು, ಹಂಚಿದವನೂ ಅವನ ಜೊತೆಗಾರನೂ ಬೇಡವೆಂದರು. ಡೈಮಂಡ್ ಗುಲಾಮನೋ ಆಟೀನು ಗುಲಾಮನೋ ಇದ್ದಿದ್ದರೆ ಅವರು ಸುಲಭವಾಗಿ ಬಿಡುತ್ತಿರಲಿಲ್ಲ, ಏಕೆಂದರೆ ಡೈಮಂಡ್ ತುರುಫಾದಾಗ ಅವೆರಡೂ ಬೋವರ್‌ಗಳು. ಆಟೀನು ತುರುಫಾದರೂ ಅವೇ ಎರಡು ಬೋವರ್‌ಗಳು! ಆದ್ದರಿಂದ ಎರಡನೆಯ ಸರದಿಯಲ್ಲಿ ಮೊದಲು ಮಾತಾಡುವವನು, ಅಂದರೆ ಹಂಚಿದವನ ಎಡಗಡೆಯವನು, ಮಗುಚಿದ ಬಣ್ಣದ ಜೋಡಿ ಬಣ್ಣವನ್ನು ಹೇಳುವುದು ಪಳಗಿದವರ ಹಳೆಯ ಚಾಳಿ. ಕೆಂಪು ಮಗುಚಿದರೆ ಇನ್ನೊಂದು ಕೆಂಪು, ಕಪ್ಪು ಮಗುಚಿದರೆ ಇನ್ನೊಂದು ಕಪ್ಪು. ಹಂಚಿದವನ ಜೊತೆಗಾರನು ಮಾತ್ರ ಇದಕ್ಕೆ ವಿರುದ್ಧವಾಗಿ ಬಣ್ಣ ದಾಟಬೇಕು. ಕೈಯಲ್ಲಿ ಒಳ್ಳೆಯ ಎಲೆಗಳಿದ್ದರೆ ಈ ಸೂತ್ರ ಮರೆತುಬಿಡಿ, ಇದು ಬಡಕಲು ಕೈಗೆ ಹೇಳಿದ್ದು.

ಯೂಕರ್‌ನ ನಿಜವಾದ ಮಜಾ ‘ಒಬ್ಬನೇ ಆಡುತ್ತೇನೆ’ ಎನ್ನುವುದರಲ್ಲಿದೆ. ಇಪ್ಪತ್ತೆಂಟರಲ್ಲೂ ಕೆಲವು ಕಡೆ ಹೀಗೆ ಒಂಟಿ ಆಟ ಘೋಷಿಸುವುದುಂಟು, ಆದರೆ ಅಲ್ಲಿ ತುರುಫಿರುವುದಿಲ್ಲ, ಎಂಟಕ್ಕೆ ಎಂಟೂ ಗೆಲ್ಲಬೇಕು. ಯೂಕರ್‌ನಲ್ಲಿ ಜೊತೆಗಾರ ಎಲೆ ಮಗುಚಿಟ್ಟು ಕಾಫಿ ಕುಡಿಯುತ್ತಾನೆ, ನೀವೊಬ್ಬರೇ ಇಬ್ಬರೆದುರು. ಐದೂ ಗೆದ್ದರೆ ಎರಡರ ಬದಲು ನಾಲ್ಕು ಪಾಯಿಂಟು. ಮೂರೋ ನಾಲ್ಕೋ ಗೆದ್ದರೆ ಜೊತೆಗಾರನಿದ್ದಾಗಿನಷ್ಟೇ, ಒಂದು. ಸೋತರೂ ಸಾಮಾನ್ಯ ನಿಯಮದಲ್ಲಿ ಎರಡೇ ಹೋಗುವುದು.

ಈ ಲೆಕ್ಕದಲ್ಲಿ ಒಂದು ಸೂತ್ರ ಅಡಗಿದೆ. ಮೂರು ಸುತ್ತು ಖಾತ್ರಿ ಇದ್ದರೆ, ಐದೂ ಗೆದ್ದಾಗ ಒಂಟಿಯಾಗಿ ಸಿಗುವ ಹೆಚ್ಚಳ ಮೂರು ಪಾಯಿಂಟು, ಜೊತೆಗಾರನೊಂದಿಗೆ ಸಿಗುವ ಹೆಚ್ಚಳ ಒಂದು. ಅಂದರೆ ಒಂಟಿಯಾಗಿ ಐದೂ ಗೆಲ್ಲುವ ಸಂಭವ, ಜೊತೆಯಾಗಿ ಗೆಲ್ಲುವ ಸಂಭವದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿದ್ದರೆ ಸಾಕು, ಒಂಟಿಯೇ ಲಾಭ. ಹೆಚ್ಚಿನವರು ‘ಐದೂ ಖಂಡಿತ’ ಎನಿಸುವವರೆಗೆ ಕಾಯುತ್ತಾರೆ. ನನ್ನ ಅಭಿಪ್ರಾಯದಲ್ಲಿ ಆಟದ ಅರ್ಧ ಪಾಯಿಂಟುಗಳನ್ನು ಅಲ್ಲೇ ಬಿಟ್ಟುಕೊಡುತ್ತಾರೆ.

ಒಂದು ಕೈ ನೋಡೋಣ. ಡೈಮಂಡ್ ಒಂಬತ್ತು ತೆರೆದು ಮಗುಚಿದೆ. ಮೊದಲ ಮಾತು ನಿಮ್ಮದು, ಮೊದಲ ಎಲೆ ಇಳಿಸುವವರೂ ನೀವೇ. ಕೈಯಲ್ಲಿ ಆಟೀನು ಗುಲಾಮ, ಡೈಮಂಡ್ ಗುಲಾಮ, ಆಟೀನು ಎಕ್ಕ, ಇಸ್ಪೇಟ್ ಎಕ್ಕ, ಕಳಾವರ್ ರಾಜ. ಆಟೀನು ಹೇಳಿದಿರಿ. ಮೇಲಿನ ಮೂರು ತುರುಫು ನಿಮ್ಮವೇ, ಮೂರು ಸುತ್ತು ಖಾತ್ರಿ. ಅವನ್ನು ಒಂದರ ಹಿಂದೊಂದು ಇಳಿಸಿದರೆ ಎದುರಾಳಿಗಳ ತುರುಫು ಬರಿದಾಗುತ್ತದೆ. ಉಳಿದ ನಾಲ್ಕೂ ಒಬ್ಬ ಎದುರಾಳಿಯ ಕೈಯಲ್ಲೇ ಇದ್ದರೆ ಮಾತ್ರ ಅಪಾಯ, ಅದು ಸಾವಿರಕ್ಕೆ ಮೂರು ಸಲ ಆದೀತು. ಇಸ್ಪೇಟ್ ಎಕ್ಕ ನಾಲ್ಕನೆಯದು. ಉಳಿದ ಪ್ರಶ್ನೆ ಒಂದೇ: ಕಳಾವರ್ ಎಕ್ಕ ಎಲ್ಲಿದೆ?

ನಿಮಗೆ ಕಾಣದ ಎಲೆಗಳು ಹದಿನೆಂಟು. ಎದುರಾಳಿಗಳ ಬಳಿ ಹತ್ತು, ಜೊತೆಗಾರನ ಬಳಿ ಐದು, ನೆಲದಲ್ಲಿ ಮೂರು. ಇಂಥ ಹದಿನೆಂಟು ಕೈಗಳಲ್ಲಿ ಸರಾಸರಿ ಹತ್ತು ಸಲ ಎಕ್ಕ ಎದುರಾಳಿಯ ಬಳಿ, ಎಂಟು ಸಲ ಅಲ್ಲ. ಒಂಟಿಯಾಗಿ ಆಡಿದರೆ ಎಂಟು ಸಲ ನಾಲ್ಕು, ಹತ್ತು ಸಲ ಒಂದು, ಒಟ್ಟು 42 ಪಾಯಿಂಟು. ಜೊತೆಗಾರನೊಂದಿಗೆ ಆಡಿದರೆ ಎಂಟು ಸಲ ಎರಡು, ಹತ್ತು ಸಲ ಒಂದು, ಒಟ್ಟು 26. ಅರ್ಧಕ್ಕಿಂತ ಹೆಚ್ಚು ಸಲ ಐದನೆಯ ಸುತ್ತು ಸೋತರೂ ಒಂಟಿಯೇ ಮುಂದು!

ರಾಜನ ಬದಲು ಕಳಾವರ್ ರಾಣಿ ಇದ್ದರೆ? ಎಕ್ಕವೂ ರಾಜನೂ ಇಬ್ಬರೂ ಎದುರಾಳಿಗಳ ಬಳಿ ಇಲ್ಲದಿರುವ ಸಂಭವ ಶೇ. 18ರಷ್ಟು. ಜೊತೆಗಾರನಿದ್ದರೆ ಅವನ ಎಕ್ಕವೂ ನೆರವಿಗೆ ಬಂದು ಶೇ. 35ರ ಹತ್ತಿರ ಹೋಗುತ್ತದೆ. ಹದಿನೆಂಟರ ಮೂರರಷ್ಟು ಐವತ್ನಾಲ್ಕು, ಹಾಗಾಗಿ ಇನ್ನೂ ಒಂಟಿಯೇ ಸರಿ. ಗುಲಾಮನಿಗೆ ಇಳಿದರೆ ಲೆಕ್ಕ ತಲೆಕೆಳಗಾಗುತ್ತದೆ, ಜೊತೆಗಾರನನ್ನು ಇಟ್ಟುಕೊಳ್ಳಿ. ಒಂಬತ್ತಾದರೆ ಯೋಚಿಸುವುದೇ ಬೇಡ, ಎದುರಾಳಿಗಳು ತಪ್ಪು ಎಲೆ ಬಿಡುವವರೆಂದು ಗೊತ್ತಿದ್ದರೆ ಬೇರೆ ಮಾತು.

ಬಿಡುತ್ತಾರೆ ಕೂಡ. ತುರುಫು ಮೂರು ಸುತ್ತು ಇಳಿಯುವಾಗ ಎದುರಾಳಿಗಳು ಒಂದೊಂದೇ ಎಲೆ ಎಸೆಯಬೇಕು, ಕೊನೆಗೆ ಉಳಿಯುವುದು ಒಂದೇ. ಒಬ್ಬನೇ ಡೈಮಂಡ್ ಎಕ್ಕವನ್ನೂ ಕಳಾವರ್ ಎಕ್ಕವನ್ನೂ ಹಿಡಿದಿದ್ದರೆ, ಯಾವುದನ್ನು ಉಳಿಸುವುದೆಂದು ಅವನಿಗೆ ಪೀಕಲಾಟ. ಒಂಟಿಯನ್ನು ತಡೆಯುವವರು ಜೊತೆಗಾರ ಏನು ಎಸೆದ ಎಂದು ನೋಡಿ ಆಡಬೇಕು: ಅವನು ಡೈಮಂಡ್ ಎಸೆದರೆ ಕಳಾವರ್ ಕಾಯುತ್ತಿದ್ದಾನೆ, ಡೈಮಂಡನ್ನು ನೀವು ಕಾಯಬೇಕು. ಇಬ್ಬರೂ ಒಂದೇ ಬಣ್ಣ ಹಿಡಿದು ಕೂತರೆ ಇನ್ನೊಂದು ಬಣ್ಣದ ಒಂಬತ್ತೂ ಗೆದ್ದುಬಿಡುತ್ತದೆ.

ಮೂರು ಸುತ್ತು ಖಾತ್ರಿ ಇಲ್ಲದ ಕೈಗೆ ಮೇಲಿನ ಸೂತ್ರ ಹೊಂದುವುದಿಲ್ಲ. ಎಡ ಬೋವರ್, ರಾಣಿ, ಹತ್ತು ತುರುಫು, ಹೊರಗೆ ಒಂದು ಎಕ್ಕ, ಇಂಥ ಕೈಯಲ್ಲಿ ಜೊತೆಗಾರನ ಒಂದು ಸುತ್ತೇ ನಿಮ್ಮನ್ನು ಸೋಲಿನಿಂದ ಉಳಿಸಬಹುದು. ಅವನನ್ನು ಕಾಫಿಗೆ ಕಳಿಸಬೇಡಿ.

ಪಾಯಿಂಟು ಬರೆಯಲು ಕಾಗದ ಬೇಕಿಲ್ಲ, ಕಟ್ಟಿನಿಂದ ಹೊರಗಿಟ್ಟ ಐದರ ಎಲೆಗಳು ಜೋಡಿಗೆ ಎರಡರಂತೆ ಸಾಕು. ಒಂದರ ಮೇಲೊಂದು ಇಟ್ಟು, ಎಷ್ಟು ಪಾಯಿಂಟೋ ಅಷ್ಟು ಗುರುತು ಕಾಣುವಂತೆ ಸರಿಸುತ್ತಾ ಹೋದರೆ ಹತ್ತರವರೆಗೂ ತೋರಿಸಬಹುದು. ಒಂಟಿ ಹೇಳುವ ಮೊದಲು ಅದರತ್ತ ಒಮ್ಮೆ ಕಣ್ಣು ಹಾಯಿಸಿ. ಆರು ಇದ್ದರೆ ಒಂದೇ ಒಂಟಿಯಲ್ಲಿ ಆಟ ಮುಗಿಯುತ್ತದೆ. ಎಂಟು ಇದ್ದರೆ ಜೊತೆಯಾಗಿ ಐದು ಗೆದ್ದರೂ ಹತ್ತು, ಒಂಟಿಯಾಗಿ ಗೆದ್ದರೂ ಆಟ ಹತ್ತಕ್ಕೇ ಮುಗಿಯುವುದು, ಹೆಚ್ಚುವರಿ ಎರಡಕ್ಕೆ ಬೆಲೆಯೇ ಇಲ್ಲ. ಒಂಬತ್ತು ಇದ್ದರೆ ಮೂರು ಸುತ್ತು ಗೆಲ್ಲುವುದಷ್ಟೇ ಕೆಲಸ.