ವೃಷಣ ಊದಿಕೊಂಡರೆ ಅದು ಬರೀ ‘ನೀರು ತುಂಬಿರುವುದೇ’? ಟಾರ್ಚ್ ಪರೀಕ್ಷೆಯನ್ನು ಎಷ್ಟು ನಂಬಬಹುದು?

‘ಬೀಜ ಊದಿಕೊಂಡರೆ ಗಾಬರಿ ಬೇಡ, ಅದು ನೀರು ತುಂಬಿರುವುದು. ಕತ್ತಲಲ್ಲಿ ಮೊಬೈಲ್ ಟಾರ್ಚ್ ಹಿಡಿದು ನೋಡಿ. ಬೆಳಕು ದಾಟಿ ಬಂದರೆ ಏನೂ ತೊಂದರೆಯಿಲ್ಲ’ ಎಂಬ ಮಾತು ವಾಟ್ಸಾಪ್‌ನಲ್ಲಿ ಓಡಾಡುತ್ತಿರುತ್ತದೆ. ಇದರಲ್ಲಿ ಅರ್ಧ ನಿಜವಿದೆ. ಉಳಿದರ್ಧವನ್ನು ನಂಬಿ ಕೂತರೆ ಹುಡುಗನೊಬ್ಬ ಒಂದು ವೃಷಣವನ್ನೇ ಕಳೆದುಕೊಳ್ಳಬಹುದು.

ಮೊದಲು ನಿಜ ಇರುವ ಭಾಗ ನೋಡೋಣ. ವೃಷಣದ ಸುತ್ತಲಿನ ಪೊರೆಯಲ್ಲಿ ನೀರಿನಂಥ ದ್ರವ ತುಂಬಿಕೊಳ್ಳುವುದಕ್ಕೆ ಹೈಡ್ರೋಸಿಲ್ ಎನ್ನುತ್ತಾರೆ. ಇದು ವಾರಗಟ್ಟಲೆ, ತಿಂಗಳುಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ. ಚೀಲ ನೀರು ತುಂಬಿದ ಬಲೂನಿನಂತೆ ನುಣುಪಾಗಿರುತ್ತದೆ, ಭಾರ ಎನಿಸುತ್ತದೆ, ಆದರೆ ಸಾಮಾನ್ಯವಾಗಿ ನೋಯುವುದಿಲ್ಲ. ಟಾರ್ಚ್ ಹಿಡಿದರೆ ಕೆಂಪಾಗಿ ಹೊಳೆಯುತ್ತದೆ. ಹುಟ್ಟಿದ ಮಕ್ಕಳಲ್ಲಿ ಇದು ಸಾಮಾನ್ಯ, ಹೆಚ್ಚಿನವರಲ್ಲಿ ಒಂದೆರಡು ವರ್ಷದೊಳಗೆ ತಾನಾಗಿಯೇ ಇಳಿಯುತ್ತದೆ. ಆನೆಕಾಲು ರೋಗ ಇರುವ ಕಲಬುರಗಿ, ಯಾದಗಿರಿ ಮುಂತಾದ ಕಡೆ ದೊಡ್ಡವರಿಗೂ ಅದೇ ರೋಗದಿಂದ ಹೀಗಾಗುವುದುಂಟು. ವೈದ್ಯರಿಗೆ ತೋರಿಸಲೇಬೇಕು, ಆದರೆ ರಾತ್ರೋರಾತ್ರಿ ಓಡಬೇಕಾದ ಸಂದರ್ಭ ಇದಲ್ಲ.

ರಾತ್ರಿಯೇ ಹೊರಡಬೇಕಾದದ್ದು ವೃಷಣ ತಿರುಚಿಕೊಂಡಾಗ. ವೈದ್ಯರು ಇದನ್ನು ಟಾರ್ಷನ್ ಎನ್ನುತ್ತಾರೆ. ವೃಷಣ ಒಂದು ಹುರಿಯಿಂದ ಜೋತುಬಿದ್ದಿರುತ್ತದೆ, ರಕ್ತನಾಳಗಳು ಆ ಹುರಿಯೊಳಗೇ ಇರುತ್ತವೆ. ಕೆಲವು ಹುಡುಗರಲ್ಲಿ ವೃಷಣ ಚೀಲದ ಗೋಡೆಗೆ ಸರಿಯಾಗಿ ಅಂಟಿರದೆ ಗಂಟೆಯ ನಾಲಗೆಯಂತೆ ಓಲಾಡುತ್ತಿರುತ್ತದೆ. ಅದು ಒಮ್ಮೆ ಸುತ್ತಿಕೊಂಡರೆ ಹುರಿ ಹಿಂಡಿದ ಬಟ್ಟೆಯಂತಾಗುತ್ತದೆ. ಮೊದಲು ರಕ್ತ ಹೊರಹೋಗುವ ದಾರಿ ಮುಚ್ಚಿ ವೃಷಣ ಊದುತ್ತದೆ, ಆಮೇಲೆ ಒಳಗೆ ಬರುವ ರಕ್ತವೂ ನಿಲ್ಲುತ್ತದೆ. 12ರಿಂದ 18 ವರ್ಷದ ಹುಡುಗರಲ್ಲಿ ಇದು ಹೆಚ್ಚು, ಆದರೆ ಯಾವ ವಯಸ್ಸಿನಲ್ಲೂ ಆಗಬಹುದು.

ಒಂದು ಉದಾಹರಣೆ ತೆಗೆದುಕೊಳ್ಳೋಣ. 14 ವರ್ಷದ ಹುಡುಗ ಬೆಳಗಿನ ಜಾವ 3ಕ್ಕೆ ನೋವಿನಿಂದ ಎದ್ದು ಕೂರುತ್ತಾನೆ. ಎಲ್ಲಿ ನೋವು ಎಂದು ಹೇಳಲು ನಾಚಿಕೆ. ‘ಹೊಟ್ಟೆ ನೋವು ಅಮ್ಮಾ’ ಎನ್ನುತ್ತಾನೆ. ಅದು ಪೂರ್ತಿ ಸುಳ್ಳೂ ಅಲ್ಲ, ಈ ನೋವು ಕಿಬ್ಬೊಟ್ಟೆಗೂ ಹರಡುತ್ತದೆ. ಎರಡು ಸಲ ವಾಂತಿಯಾಗುತ್ತದೆ. ಸಂಜೆ ತಿಂದ ಪಾನಿಪೂರಿಯದೇ ಕೆಲಸ ಎಂದುಕೊಂಡು ಅಮ್ಮ ಜೀರಿಗೆ ನೀರು ಕೊಡುತ್ತಾರೆ. 7 ಗಂಟೆಗೆ ಹುಡುಗ ಕಾಲು ಅಗಲಿಸಿ ನಡೆಯುವುದನ್ನು ನೋಡಿ ಅಪ್ಪ ಪಕ್ಕಕ್ಕೆ ಕರೆದು ಕೇಳುತ್ತಾರೆ. ಒಂದು ಕಡೆ ಊದಿ ಕೆಂಪಾಗಿದೆ. ಆ ಕಡೆಯ ವೃಷಣ ಇನ್ನೊಂದಕ್ಕಿಂತ ಮೇಲಕ್ಕೆ ಸರಿದು, ಅಡ್ಡಡ್ಡ ಮಲಗಿದಂತಿದೆ. ಮುಟ್ಟಲು ಬಿಡುತ್ತಿಲ್ಲ.

ಅಷ್ಟರಲ್ಲಿ 4 ಗಂಟೆ ಕಳೆದಿದೆ. ನೋವು ಶುರುವಾದ 6 ಗಂಟೆಯೊಳಗೆ ತಿರುಚು ಬಿಡಿಸಿದರೆ ಹತ್ತರಲ್ಲಿ ಒಂಬತ್ತು ಮಂದಿಗಾದರೂ ವೃಷಣ ಉಳಿಯುತ್ತದೆ. 12 ಗಂಟೆ ದಾಟಿದರೆ ಉಳಿಯುವ ಸಾಧ್ಯತೆ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ, 24 ಗಂಟೆಯ ನಂತರ ಉಳಿಯುವುದು ಅಪರೂಪ. ಹಾಗಾಗಿ ಈ ಅಪ್ಪ ಮಾಡಬೇಕಾದದ್ದು ಒಂದೇ, ಆಪರೇಷನ್ ಸೌಲಭ್ಯವಿರುವ ಆಸ್ಪತ್ರೆಗೆ ನೇರವಾಗಿ ಹೋಗುವುದು. ದಾರಿಯಲ್ಲಿ ಕಾಫಿ, ತಿಂಡಿ ಏನೂ ಕೊಡಬಾರದು, ಅರಿವಳಿಕೆ ಕೊಡಬೇಕಾಗಬಹುದು. ಎಣ್ಣೆ ಹಚ್ಚಿ ತಿಕ್ಕುವುದು, ಬಿಸಿ ಶಾಖ ಕೊಡುವುದು ಬೇಡ. ಹುರಿಯ ತಿರುಚು ಅದರಿಂದ ಬಿಡುವುದಿಲ್ಲ, ಗಂಟೆಗಳು ಮಾತ್ರ ಕಳೆಯುತ್ತವೆ.

ಇಲ್ಲಿ ಆ ಟಾರ್ಚ್ ಹಿಡಿದಿದ್ದರೆ? ಅಲ್ಲೇ ಇರುವುದು ಅಪಾಯ. ತಿರುಚಿಕೊಂಡ ವೃಷಣದ ಸುತ್ತಲೂ ಸ್ವಲ್ಪ ದ್ರವ ಸೇರಿಕೊಳ್ಳಬಹುದು, ಆಗಲೂ ಬೆಳಕು ಹೊಳೆಯಬಹುದು. ಕೂಸುಗಳಲ್ಲಿ ಕರುಳು ಇಳಿದಿದ್ದರೂ, ಅಂದರೆ ಹರ್ನಿಯಾ ಇದ್ದರೂ, ಹೊಳೆಯುವುದುಂಟು. ಆದ್ದರಿಂದ ನೋಡಬೇಕಾದದ್ದು ಬೆಳಕನ್ನಲ್ಲ, ನೋವನ್ನು. ನೋವು ಇದ್ದಕ್ಕಿದ್ದಂತೆ ಬಂದಿದ್ದರೆ ಟಾರ್ಚ್ ಏನೇ ಹೇಳಲಿ, ತಿರುಚಿಕೊಂಡಿದೆ ಎಂದೇ ತಿಳಿದು ಹೊರಡಬೇಕು.

ನೋವು ಇದ್ದಕ್ಕಿದ್ದಂತೆ ನಿಂತುಹೋದರೂ ‘ಸರಿಹೋಯ್ತು’ ಎಂದುಕೊಳ್ಳುವಂತಿಲ್ಲ. ಕೆಲವೊಮ್ಮೆ ವೃಷಣ ತಾನೇ ತಿರುಗಿ ಸರಿಯಾಗಿ, ಮತ್ತೊಂದು ದಿನ ಮತ್ತೆ ತಿರುಚಿಕೊಳ್ಳುತ್ತದೆ. ಕ್ರಿಕೆಟ್ ಚೆಂಡು ಬಡಿದ ನೋವು ಒಂದು ಗಂಟೆಯಾದರೂ ಇಳಿಯದಿದ್ದರೆ ಅದನ್ನೂ ತೋರಿಸಬೇಕು, ಏಟು ಬಿದ್ದ ನಂತರವೂ ತಿರುಚುವುದುಂಟು. ಸೋಂಕಿನಿಂದಲೂ ಊತ, ನೋವು ಬರುತ್ತವೆ. ಅದು ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಏರುತ್ತದೆ, ಜ್ವರ, ಉರಿಮೂತ್ರ ಜೊತೆಗಿರಬಹುದು. ಆದರೆ ಎರಡರ ವ್ಯತ್ಯಾಸ ಹೇಳುವುದು ವೈದ್ಯರ ಕೆಲಸ, ಮನೆಯದ್ದಲ್ಲ.

ಆಸ್ಪತ್ರೆಯಲ್ಲಿ ರಕ್ತ ಹರಿಯುತ್ತಿದೆಯೇ ಎಂದು ಡಾಪ್ಲರ್ ಸ್ಕ್ಯಾನ್‌ನಲ್ಲಿ ನೋಡುತ್ತಾರೆ. ಲಕ್ಷಣಗಳು ಸ್ಪಷ್ಟವಾಗಿದ್ದರೆ ಸ್ಕ್ಯಾನ್‌ಗೂ ಕಾಯದೆ ಆಪರೇಷನ್ ಮಾಡುವುದುಂಟು. ಹುರಿ ಬಿಡಿಸಿ, ಬಣ್ಣ ಮರಳುತ್ತದೆಯೇ ಎಂದು ಕೆಲವು ನಿಮಿಷ ಕಾಯುತ್ತಾರೆ. ಮರಳಿದರೆ ಮತ್ತೆ ತಿರುಗದಂತೆ ಹೊಲಿಗೆ ಹಾಕುತ್ತಾರೆ. ಮರಳದಿದ್ದರೆ ತೆಗೆದುಬಿಡುತ್ತಾರೆ. ಹಾಗಾದರೂ ಉಳಿದ ಒಂದು ವೃಷಣ ಚೆನ್ನಾಗಿದ್ದರೆ ಮುಂದೆ ಮಕ್ಕಳಾಗಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ನೋವಿಲ್ಲದ ಇನ್ನೊಂದು ಕಡೆಗೂ ಅದೇ ಸಲ ಹೊಲಿಗೆ ಬೀಳುತ್ತದೆ. ಗಂಟೆಯ ನಾಲಗೆಯಂಥ ರಚನೆ ಸಾಮಾನ್ಯವಾಗಿ ಎರಡೂ ಕಡೆ ಇರುವುದೇ ಅದಕ್ಕೆ ಕಾರಣ.