ಬೇಳೆ ಪ್ಯಾಕೆಟ್‌ನ ಹಿಂದೆ ಯಾವ ಬಣ್ಣ?

ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಪಕ್ಕದ ಯಾದಗಿರಿ ಜಿಲ್ಲೆಯಲ್ಲೂ ತೊಗರಿ ಬೆಳೆಯುತ್ತಾರೆ. ಅಲ್ಲಿನ ಕೊಂಕಲ್‌ನ ಅಂಗಡಿಯೊಂದು ತನ್ನ ಬೇಳೆ ಪ್ಯಾಕೆಟ್‌ಗೆ ಇನ್‌ಸ್ಟಾಗ್ರಾಮ್‌ನಲ್ಲಿ ಮೂರು ಸ್ಲೈಡ್‌ಗಳ ಕ್ಯಾರೊಸೆಲ್ ಹಾಕಲಿದೆ ಎಂದುಕೊಳ್ಳಿ. ಬ್ರ್ಯಾಂಡ್ ಬಣ್ಣ ಎರಡೇ: ಅರಿಸಿನ ಹಳದಿ, ಕಡುಗೆಂಪು.

ಹಿನ್ನೆಲೆ ಮಾಡಿಕೊಡಲು ಎಐಗೆ ‘ಹಳದಿ ಗ್ರೇಡಿಯಂಟ್ ಬೇಕು’ ಎಂದಷ್ಟೇ ಬರೆದರೆ ಅದು ತನಗೆ ತೋಚಿದ ಹಳದಿ ಕೊಡುತ್ತದೆ. ಬೇಳೆಯೂ ಹಳದಿ, ಪ್ಯಾಕೆಟ್ ಹಿನ್ನೆಲೆಯಲ್ಲೇ ಮಾಯ!

ಹಾಗಾಗಿ ಪ್ರಾಂಪ್ಟ್‌ನಲ್ಲಿ ಬಣ್ಣದ ಜಾಗವನ್ನೂ ಹೇಳಬೇಕು:

```
ಅಗಲವಾದ ಖಾಲಿ ಹಿನ್ನೆಲೆ. ನಡುವೆ ಉದ್ದಕ್ಕೂ
ಕಡುಗೆಂಪು #6B1F2A, ಮೇಲೆ-ಕೆಳಗೆ ಮೆಲ್ಲಗೆ
ಅರಿಸಿನ ಹಳದಿ #F2B01E. ನವಿರಾದ ಕಣ.
ವಸ್ತು, ಅಕ್ಷರ, ನೆರಳು ಬೇಡ.
```

ಪ್ಯಾಕೆಟನ್ನು ಎಐ ಬಿಡಿಸುವುದು ಬೇಡ, ಲೇಬಲ್‌ನ ಕನ್ನಡ ಕೆಡಬಹುದು. ನಿಜವಾದ ಫೋಟೊವನ್ನೇ ಮೇಲೆ ಕೂರಿಸಬೇಕು.

ಮೂರು ಸ್ಲೈಡ್‌ಗೆ ಮೂರು ಸಲ ಕೇಳಿದರೆ ಬಣ್ಣ ಮೂರು ಬಗೆ. ಒಂದೇ ಚಿತ್ರವನ್ನು 3240×1350ಕ್ಕೆ ಹಿಗ್ಗಿಸಿ, 1080ರಂತೆ ಕತ್ತರಿಸಿದರೆ ಬೆರಳು ಸರಿಸಿದಾಗ ಹಿನ್ನೆಲೆ ತುಂಡಾಗದೆ ಹರಿಯುತ್ತದೆ.

ಹೆಕ್ಸ್ ಸಂಖ್ಯೆ ಕೊಟ್ಟರೂ ಎಐ ಅದನ್ನು ಕರಾರುವಾಕ್ಕಾಗಿ ಪಾಲಿಸದೇ ಇರಬಹುದು. ಎಡಿಟಿಂಗ್ ಆ್ಯಪ್‌ನ ಐಡ್ರಾಪರ್‌ನಿಂದ ನಡುಭಾಗ ಒತ್ತಿ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಗ್ರೇಡಿಯಂಟ್ ಮ್ಯಾಪ್‌ನಲ್ಲಿ ಅದೇ ಎರಡು ಸಂಖ್ಯೆ ಹಾಕಿದರೆ ಬಣ್ಣ ಬಹುಮಟ್ಟಿಗೆ ಸರಿಹೋಗುತ್ತದೆ. ಪಟ್ಟೆ ಪಟ್ಟೆಯಾಗಿ ಕಂಡರೆ ಕಣ ತುಸು ಹೆಚ್ಚಿಸಬೇಕು.