ಕೆರೆ ಮೇಲಿಂದಲೇ ಏಕೆ ಹೆಪ್ಪುಗಟ್ಟುತ್ತದೆ?

ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ ‘ಚಿಲ್ಲಾಯ್ ಕಲಾನ್’ ಎಂಬ ನಲವತ್ತು ದಿನಗಳ ಕಡುಚಳಿ. ಶ್ರೀನಗರದ ದಾಲ್ ಸರೋವರ ಅಲ್ಲಲ್ಲಿ ಹೆಪ್ಪುಗಟ್ಟಿದ ಚಿತ್ರಗಳು ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವುದು ಆಗಲೇ. ಮೈಸೂರಿನ ಮನೆಯೊಂದರಲ್ಲಿ ಅಂಥ ಚಿತ್ರ ನೋಡುತ್ತಿದ್ದ ಹೈಸ್ಕೂಲು ಹುಡುಗ, ಬಿ.ಎಸ್ಸಿ. ಓದುವ ಅಕ್ಕನನ್ನು ಕೇಳಿದ: “ಮೇಲೆ ಇಷ್ಟು ಮಂಜುಗಡ್ಡೆ ಕಟ್ಟಿದ್ರೆ ಒಳಗಿರೋ ಮೀನು ಹೇಗೆ ಬದುಕುತ್ವೆ ಅಕ್ಕಾ?”

“ಮೇಲೇ ಯಾಕೆ ಕಟ್ಟಿತು, ಅದನ್ನ ಹೇಳು ಮೊದಲು.”

“ತಣ್ಣನೆ ಗಾಳಿ ತಾಗೋದು ಅಲ್ಲೇ ಅಲ್ವಾ?”

“ತಾಗುತ್ತೆ ಕಣೋ. ಆದ್ರೆ ತಣ್ಣಗಾದದ್ದು ಕುಗ್ಗಿ, ಭಾರವಾಗಿ ಕೆಳಗಿಳೀಬೇಕಲ್ಲ? ಆ ಕೊಬ್ಬರಿ ಎಣ್ಣೆ ಬಾಟಲಿ ನೋಡು.” ಚಳಿಗೆ ಹೆಪ್ಪಾಗಿದ್ದ ಎಣ್ಣೆ ಬಿಸಿಲಿಗೆ ಅರ್ಧ ಕರಗಿತ್ತು. ಬೆಳ್ಳನೆಯ ಗಡ್ಡೆ ತಳ ಹಿಡಿದಿತ್ತು, ತಿಳಿ ಎಣ್ಣೆ ಮೇಲಿತ್ತು.

ನೀರೂ ಸ್ವಲ್ಪ ದೂರ ಎಣ್ಣೆಯ ದಾರಿಯಲ್ಲೇ ಸಾಗುತ್ತದೆ. ಹತ್ತು ಡಿಗ್ರಿಯಿಂದ ತಣಿಯುತ್ತ ಬಂದ ಮೇಲ್ಪದರ ಭಾರವಾಗಿ ಮುಳುಗುತ್ತದೆ, ಅಡಿಯ ಬೆಚ್ಚನೆಯ ನೀರು ಮೇಲೇರುತ್ತದೆ. ಕೆರೆಯೆಲ್ಲ ಸುಮಾರು 4 ಡಿಗ್ರಿ ಸೆಲ್ಸಿಯಸ್‌ಗೆ ಬರುವವರೆಗೂ ಈ ಓಡಾಟ ನಡೆಯುತ್ತದೆ. ನೀರು ಅತಿ ಹೆಚ್ಚು ಭಾರವಾಗಿರುವುದು ಅಲ್ಲೇ. ಮುಂದೆ ತಣಿದಂತೆ ಅದು ಹಿಗ್ಗಿ ಹಗುರಾಗುತ್ತದೆ. ಹೀಗಾಗಿ 3 ಡಿಗ್ರಿಯ ನೀರು ಮುಳುಗದೆ ಮೇಲೇ ಉಳಿದು, ಇನ್ನೂ ತಣಿದು, ಅಲ್ಲೇ ಗಟ್ಟಿಯಾಗುತ್ತದೆ.

“ಇದನ್ನ ಯಾರಾದ್ರೂ ಅಳೆದು ನೋಡಿದಾರಾ?”

ಎಡಿನ್‌ಬರೊದ ಥಾಮಸ್ ಚಾರ್ಲ್ಸ್ ಹೋಪ್ 1805ರಲ್ಲಿ ಪ್ರಕಟಿಸಿದ ಪ್ರಯೋಗಗಳನ್ನು ಅಕ್ಕ ವಿವರಿಸಿದಳು. ಅವು ಇಂದು ಪಾಠಗಳಲ್ಲಿ ಬರುವ ರೂಪ ಹೀಗಿದೆ: ಎತ್ತರದ ಪಾತ್ರೆಯ ತುಂಬ ನೀರು, ಮೇಲೊಂದು ಕೆಳಗೊಂದು ಥರ್ಮಾಮೀಟರ್, ನಡುವಿಗೆ ಮಂಜುಗಡ್ಡೆ-ಉಪ್ಪಿನ ಪಟ್ಟಿ. ಮೊದಲು ಇಳಿಯುವುದು ಕೆಳಗಿನ ಥರ್ಮಾಮೀಟರ್; 4 ಡಿಗ್ರಿಗೆ ಬಂದು ಅದು ನಿಂತುಬಿಡುತ್ತದೆ. ಆಮೇಲೆ ಮೇಲಿನದು ಸರಸರ ಇಳಿದು ಸೊನ್ನೆ ಮುಟ್ಟುತ್ತದೆ.

“ಹಿಗ್ಗೋದು ಯಾಕೆ?”

“ಮಂಜುಗಡ್ಡೆಯಲ್ಲಿ ಒಂದೊಂದು ಅಣುವೂ ನಾಲ್ಕು ನೆರೆಯ ಅಣುಗಳ ಜೊತೆ ಹೈಡ್ರೋಜನ್ ಬಂಧದಿಂದ ಕಟ್ಟಿಕೊಂಡಿರುತ್ತೆ. ಅವುಗಳ ಜೋಡಣೆ ಷಟ್ಕೋನದ್ದು, ನಡುನಡುವೆ ಖಾಲಿ ಜಾಗ. ದ್ರವದಲ್ಲಿ ಈ ಕಟ್ಟು ಆಗಾಗ ಮುರಿದು ಅಣುಗಳು ಒತ್ತೊತ್ತಾಗುತ್ವೆ.” ಅದಕ್ಕೇ ಹೆಪ್ಪುಗಟ್ಟುವಾಗ ನೀರಿನ ಗಾತ್ರ ಸುಮಾರು ಶೇ. 9ರಷ್ಟು ಹೆಚ್ಚುತ್ತದೆ. ಅಂಚಿನವರೆಗೆ ನೀರು ತುಂಬಿ ಫ್ರೀಜರಿನಲ್ಲಿಟ್ಟ ಗಾಜಿನ ಬಾಟಲಿ ಒಡೆಯುವುದೂ, ಮಂಜುಗಡ್ಡೆ ಹತ್ತರಲ್ಲಿ ಒಂದು ಪಾಲಿನಷ್ಟೇ ಹೊರಗೆ ಕಾಣಿಸಿಕೊಂಡು ತೇಲುವುದೂ ಇದರಿಂದಲೇ.

ಮೇಲಿನ ಗಡ್ಡೆ ಶಾಖವನ್ನು ನಿಧಾನವಾಗಿ ಮಾತ್ರ ಹೊರಬಿಡುತ್ತದೆ. ಅದು ದಪ್ಪವಾದಷ್ಟೂ ಹೊಸ ಮಂಜು ಕಟ್ಟುವುದು ತಡವಾಗುತ್ತದೆ. ತಳದಲ್ಲಿ 4 ಡಿಗ್ರಿಯ ಆಸುಪಾಸಿನ ನೀರು ಉಳಿದು, ಮೀನುಗಳು ಅಲ್ಲಿ ಮಂದಗತಿಯಲ್ಲಿ ಚಳಿಗಾಲ ಕಳೆಯುತ್ತವೆ.

“ಹಾಗಾದ್ರೆ ಯಾವ ಹೊಂಡದ ಮೀನೂ ಸಾಯೋದೇ ಇಲ್ವಾ?”

“ಸಾಯಬಹುದು. ಹೊಂಡ ಆಳ ಇಲ್ದೆ ಚಳಿ ವಾರಗಟ್ಟಲೆ ಹಿಡಿದ್ರೆ ತಳದವರೆಗೂ ಗಟ್ಟಿಯಾಗುತ್ತೆ. ಆಳ ಇದ್ರೂ, ಗಡ್ಡೆ ಮೇಲೆ ಹಿಮ ಮುಚ್ಚಿಕೊಂಡು ಬೆಳಕು ಇಳೀದಿದ್ರೆ ನೀರಿನ ಗಿಡಗಳು ಆಮ್ಲಜನಕ ಕೊಡೋದು ನಿಲ್ಲುತ್ತೆ. ಆಗ ಮೀನು ಸಾಯೋದು ಚಳಿಗಲ್ಲ, ಉಸಿರು ಕಟ್ಟಿ.”